ಪುಣ್ಯದ ಚಿನ್ನಕ್ಕೆ ಎಷ್ಟು ಕೊಡ್ತೀರಿ?

ನನ್ನ ಗೆಳೆಯನೊಬ್ಬ ನೂರು ಗ್ರಾಂ ಚಿನ್ನದ ಗಟ್ಟಿ ಕೊಂಡಿದ್ದ. ಸಾಮಾನ್ಯ ಚಿನ್ನ ಅಲ್ಲ, ನೈತಿಕ ಚಿನ್ನ. ಸಣ್ಣ ಗಣಿಯವರು ಕೈಯಾರೆ ತೆಗೆದಿದ್ದು, ಮಕ್ಕಳನ್ನು ದುಡಿಸಿಲ್ಲ, ಬಂದೂಕಿನವರಿಗೆ ಕಪ್ಪ ಕೊಟ್ಟಿಲ್ಲ, ಪಾದರಸ ಹೊಳೆಗೆ ಬಿಟ್ಟಿಲ್ಲ ಅಂತೆಲ್ಲ ಬರೆದ ದಪ್ಪ ಕಾಗದದ ಪ್ರಮಾಣಪತ್ರ, ಅದಕ್ಕೊಂದು ಮರದ ಪೆಟ್ಟಿಗೆ. ಮೊನ್ನೆ ದುಡ್ಡಿನ ಅಡಚಣೆ ಬಂತು, ಮಾರಲು ಹೋದ. ನಾನೂ ಜೊತೆಗಿದ್ದೆ, ಸುಮ್ನೆ ನೋಡೋಣ ಅಂತ.

ವ್ಯಾಪಾರಿ ಗಟ್ಟಿಯನ್ನು ತಕ್ಕಡಿಗೆ ಇಟ್ಟರು. ಆಮೇಲೆ ಎಕ್ಸ್‌ಆರ್‌ಎಫ್ ಗನ್ ತಂದು ಅದರ ಮೇಲೆ ಒತ್ತಿದರು. ಹೇರ್ ಡ್ರೈಯರ್‌ನಂಥ ಯಂತ್ರ ಅದು. ಎಕ್ಸ್-ರೇ ಬಿಟ್ಟು ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಹೇಳುತ್ತದೆ. ಪರದೆಯ ಮೇಲೆ ಚಿನ್ನ 99.99 ಅಂತ ಬಂತು. ಗೆಳೆಯ ಇನ್ನೂ ಏನೋ ಬರುತ್ತದೆ ಅನ್ನುವ ಹಾಗೆ ಕಾಯುತ್ತಿದ್ದ. ಬೆಳ್ಳಿಗೆ ಒಂದು ಸಾಲು ಇತ್ತು, ತಾಮ್ರಕ್ಕೆ ಒಂದು ಸಾಲು ಇತ್ತು. ಪುಣ್ಯಕ್ಕೆ ಸಾಲು ಇರಲಿಲ್ಲ.

"ಸಾರ್, ಇದು ಸರ್ಟಿಫೈಡ್" ಅಂದ. "ಹೌದು ಸಾರ್, ನಾಲ್ಕು ಒಂಬತ್ತು" ಅಂದರು ಅವರು.

ತಪ್ಪು ಅವರದ್ದಲ್ಲ ಬಿಡಿ. ಋಷಿ ಮೂಲ, ನದಿ ಮೂಲ ಹುಡುಕಬಾರದು ಅಂತಾರಲ್ಲ, ಚಿನ್ನದ ಮೂಲ ಹುಡುಕಬೇಕು ಅಂದರೂ ಆಗುವುದಿಲ್ಲ. ಐಸೋಟೋಪ್ ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು. ಪ್ರಕೃತಿಯಲ್ಲಿ ಸಿಗುವ ಚಿನ್ನಕ್ಕೆ ಅಂಥದ್ದು ಒಂದೇ ಒಂದು ಇದೆ, 197. ಸೀಸದ ಹಾಗೆ ಐಸೋಟೋಪ್ ಲೆಕ್ಕ ಹಾಕಿ ಇದು ಯಾವ ಬೆಟ್ಟದ್ದು ಅಂತ ಪತ್ತೆ ಹಚ್ಚುವ ದಾರಿ ಇಲ್ಲ. ಊರು ಹೇಳಬಹುದಾಗಿದ್ದ ಚೂರುಪಾರು ಬೆರಕೆ ಲೋಹಗಳನ್ನು ಶುದ್ಧ ಮಾಡುವಾಗ ರಿಫೈನರಿಯೇ ತೆಗೆದುಬಿಡುತ್ತದೆ. ಅಂದರೆ ಚಿನ್ನ ಶುದ್ಧವಾದಷ್ಟೂ ಅದರ ಜಾತಕ ಅಳಿಸಿಹೋಗುತ್ತದೆ. ಉಳಿಯುವುದು ಕಾಗದ ಮಾತ್ರ.

ಆ ಕಾಗದಕ್ಕೆ ಎಷ್ಟು ಬೆಲೆ? ಚಿನ್ನ ಔನ್ಸಿಗೆ 4,000 ಡಾಲರ್ ಅಂತ ಇಟ್ಟುಕೊಳ್ಳಿ. ಕಿಲೋಗೆ 32.15 ಔನ್ಸ್, ಅಂದರೆ ಸುಮಾರು 1,28,600 ಡಾಲರ್. ಸಣ್ಣ ಗಣಿಯವರ ಚಿನ್ನಕ್ಕೆ ಮುದ್ರೆ ಒತ್ತುವ ಎರಡು ಹೆಸರಾಂತ ವ್ಯವಸ್ಥೆಗಳಿವೆ, ಫೇರ್‌ಟ್ರೇಡ್ ಮತ್ತು ಫೇರ್‌ಮೈನ್ಡ್. ಫೇರ್‌ಟ್ರೇಡ್ ಕಿಲೋಗೆ 2,000 ಡಾಲರ್, ಫೇರ್‌ಮೈನ್ಡ್ 4,000 ಡಾಲರ್ ಹೆಚ್ಚುವರಿ ಕೊಡಬೇಕು ಅಂತ ವರ್ಷಗಟ್ಟಲೆ ಹಿಂದೆ ನಿಗದಿ ಮಾಡಿದವು. ಔನ್ಸಿಗೆ 1,300 ಡಾಲರ್ ಇದ್ದ ಕಾಲದಲ್ಲಿ 4,000 ಅಂದರೆ ಹೆಚ್ಚುಕಮ್ಮಿ ಶೇಕಡಾ ಒಂಬತ್ತೂವರೆ. ಈಗ ಅದೇ 4,000 ಶೇಕಡಾ ಮೂರು ಚಿಲ್ಲರೆ. ಫೇರ್‌ಟ್ರೇಡಿನ 2,000 ಒಂದೂವರೆ. ಚಿನ್ನದ ಬೆಲೆ ಏರಿದಷ್ಟೂ ನೀತಿ ಅಗ್ಗವಾಗುತ್ತದೆ. ತಮಾಷೆ ಏನಂದರೆ, 2011ರಲ್ಲಿ ಇಬ್ಬರೂ ಸೇರಿ ಇದನ್ನು ಶುರು ಮಾಡಿದಾಗ ಹೆಚ್ಚುವರಿ ಶೇಕಡಾ 10 ಇತ್ತು. ಹಾಗೇ ಬಿಟ್ಟಿದ್ದರೆ ಇವತ್ತು ಕಿಲೋಗೆ 12,860 ಡಾಲರ್ ಆಗುತ್ತಿತ್ತು. ಆದರೆ ಅಷ್ಟು ಕೊಟ್ಟು ಕೊಳ್ಳುವವರು ಬೇಕಲ್ಲ. ಅದೂ ನಿಜ.

ಇನ್ನೊಂದು ಲೆಕ್ಕ ನೋಡಿ. ಗಣಿಯವರಿಗೆ ಕೊಡಬೇಕಾದ ಕನಿಷ್ಠ ದರ ಲಂಡನ್ ಬೆಲೆಯ ಶೇಕಡಾ 95. ಅದಕ್ಕೆ ಫೇರ್‌ಮೈನ್ಡಿನ ಈ ಮೂರು ಸೇರಿಸಿ, 98. ಜಗತ್ತಿಡೀ ಹೊಗಳುವ ನ್ಯಾಯದ ಚಿನ್ನಕ್ಕೆ, ಕನಿಷ್ಠ ದರವಷ್ಟೇ ಕೊಟ್ಟರೆ, ತೆಗೆದವನ ಕೈಗೆ ಬರುವುದು ಮಾರುಕಟ್ಟೆ ಬೆಲೆಗಿಂತ ಎರಡು ಕಮ್ಮಿ. ಸಾಗಣೆ, ಶುದ್ಧೀಕರಣದ ಖರ್ಚು ಇದೆ, ಗೊತ್ತು. ಮಧ್ಯವರ್ತಿ ಇನ್ನೂ ಕಮ್ಮಿ ಕೊಡುತ್ತಿದ್ದ, ಅದೂ ಗೊತ್ತು. ಆದರೂ ಪೆಟ್ಟಿಗೆಯ ಮೇಲೆ ಈ ಲೆಕ್ಕ ಅಚ್ಚು ಹಾಕುವುದಿಲ್ಲ, ಅಲ್ವಾ?

ಇದೆಲ್ಲ ಸಣ್ಣವರ ಕತೆ. ದೊಡ್ಡ ಗಟ್ಟಿ, ನಾನೂರು ಔನ್ಸಿನದು, ಸುಮಾರು ಹನ್ನೆರಡೂವರೆ ಕಿಲೋ ತೂಗುತ್ತದೆ, ಲಂಡನ್ನಿನ ತಿಜೋರಿಯಲ್ಲಿ ಕೂತಿರುತ್ತದೆ. ಅಲ್ಲಿಗೆ ಹೋಗಬೇಕಾದರೆ ರಿಫೈನರಿ ಲಂಡನ್ನಿನ ಚಿನ್ನ ಬೆಳ್ಳಿ ಮಾರುಕಟ್ಟೆಯವರ ಸಂಘ ಎಲ್‌ಬಿಎಂಎ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿ ಉಳಿಯಬೇಕಾದರೆ ಜವಾಬ್ದಾರಿಯುತ ಚಿನ್ನದ ಆಡಿಟ್ ಪಾಸಾಗಬೇಕು. ಹಾಗಾಗಿ ಅಲ್ಲಿ ಎಲ್ಲರೂ ಪುಣ್ಯವಂತರೇ. ಎಲ್ಲರೂ ಪುಣ್ಯವಂತರಾದಮೇಲೆ ಯಾರು ಯಾರಿಗೆ ಜಾಸ್ತಿ ಕೊಡುತ್ತಾರೆ? ಮುದ್ರೆ ಇದ್ದರೆ ಒಂದು ಡಾಲರೂ ಹೆಚ್ಚು ಸಿಗುವುದಿಲ್ಲ, ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. ಇದು ಬಹುಮಾನ ಅಲ್ಲ, ಪ್ರವೇಶ ಚೀಟಿ. 2022ರ ಮಾರ್ಚ್ 7ರಂದು ರಷ್ಯಾದ ಆರು ರಿಫೈನರಿಗಳನ್ನು ಪಟ್ಟಿಯಿಂದ ಅಮಾನತು ಮಾಡಿದರು. ಅದಕ್ಕೆ ಮುಂಚೆ ಎರಕ ಹೊಯ್ದ ಗಟ್ಟಿ ಲಂಡನ್ನಿಗೆ ಒಳ್ಳೆಯದೇ, ಆಮೇಲಿನದು ಕೆಟ್ಟದ್ದು. ಅದೇ ಕುಲುಮೆ, ಅದೇ ಅಚ್ಚು.

ತಾರೀಖಿನಿಂದ ಪಾಪ ತೊಳೆಯುವುದು ಇದೇ ಮೊದಲಲ್ಲ. ಖನಿಜಗಳ ಮೂಲ ಪರಿಶೀಲಿಸಲು ಬಹುಪಾಲು ಶ್ರೀಮಂತ ದೇಶಗಳ ಕೂಟ ಒಇಸಿಡಿ ಮಾಡಿದ ಮಾರ್ಗಸೂಚಿಯಲ್ಲಿ, 2012ರ ಜನವರಿ 1ಕ್ಕೂ ಮುಂಚೆ ತಿಜೋರಿ ಸೇರಿದ್ದು ಖಚಿತವಾದ ಗಟ್ಟಿಗಳಿಗೆ ಮೂಲ ಹುಡುಕಬೇಕಿಲ್ಲ. ಸಂಚಿತ ಕರ್ಮ ಮನ್ನಾ. ಇನ್ನು ಹಳೇ ಚಿನ್ನ ಕರಗಿಸಿ ಮಾಡಿದ್ದಕ್ಕೆ ಪುನರ್ಜನ್ಮದ ಸೌಲಭ್ಯ ಇದೆ. ಅದು ಮತ್ತೆ ಯಾವ ಕರಗಿಸುವವನ ಕೈ ಸೇರಿತೋ ಅಲ್ಲೇ ಅದು ಹುಟ್ಟಿತು ಅಂತ ಲೆಕ್ಕ. ಕಾಡಿನ ಗಣಿಯಿಂದ ಕಳ್ಳದಾರಿಯಲ್ಲಿ ಬಂದ ಚಿನ್ನವನ್ನು ಒರಟಾಗಿ ಒಂದು ಬಳೆ ಮಾಡಿ "ಹಳೇ ಒಡವೆ" ಅಂತ ಮಾರಿದರೆ ಗಂಗಾಸ್ನಾನ ಮುಗಿಯಿತು. ಮಾರ್ಗಸೂಚಿ ಇಂಥದ್ದರ ಬಗ್ಗೆ ಎಚ್ಚರ ಇರಲಿ ಅನ್ನುತ್ತದೆ. ಎಚ್ಚರ ಇರಬೇಕಾದವರು ಯಾರು? ಆಡಿಟರ್.

ಎಚ್ಚರವಾಗಿದ್ದ ಆಡಿಟರ್ ಒಬ್ಬರಿದ್ದರು, ಅಮ್ಜದ್ ರಿಹಾನ್. ದುಬೈನ ರಿಫೈನರಿಯೊಂದರಲ್ಲಿ ಇದೇ ಜವಾಬ್ದಾರಿಯ ಪರಿಶೀಲನೆಗೆ ಹೋದಾಗ, ಮೊರಾಕೊದಿಂದ ಟನ್‌ಗಟ್ಟಲೆ ಚಿನ್ನ ಬೆಳ್ಳಿ ಬಳಿದುಕೊಂಡು ಬಂದಿದ್ದು ಗೊತ್ತಾಯಿತು. ಚಿನ್ನಕ್ಕೆ ಬೆಳ್ಳಿಯ ಲೇಪ! ಮೋಸಗಾರರು ತಲೆಮಾರುಗಳಿಂದ ಬೆಳ್ಳಿಗೆ ಚಿನ್ನ ಬಳಿಯುತ್ತಿದ್ದರೆ, ಇವರು ರಫ್ತಿನ ನಿರ್ಬಂಧ ತಪ್ಪಿಸಲು ಉಲ್ಟಾ ಮಾಡಿದ್ದರು. ರಿಹಾನ್ ಅದನ್ನು ಹೇಳಲು ಹೋಗಿ ಕೆಲಸ ಕಳೆದುಕೊಂಡರು, 2020ರಲ್ಲಿ ಲಂಡನ್ ಹೈಕೋರ್ಟ್ ಅವರ ಸಂಸ್ಥೆ ಅವರಿಗೆ ಒಂದು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕು ಅಂತ ತೀರ್ಪು ಕೊಟ್ಟಿತು. ನನಗೆ ಗೊತ್ತಿರುವ ಮಟ್ಟಿಗೆ, ಜವಾಬ್ದಾರಿಯುತ ಚಿನ್ನದಿಂದ ಇಷ್ಟು ದೊಡ್ಡ ಪ್ರೀಮಿಯಂ ಪಡೆದವರು ಅವರೊಬ್ಬರೇ. ಅದೂ ಕೋರ್ಟಿನ ಮೂಲಕ.

ನಮ್ಮ ಗೆಳೆಯನ ಕತೆಗೆ ಬರೋಣ. ನೂರು ಗ್ರಾಮಿಗೆ ಅವನು ಗಣಿಯವರ ಪಾಲು ಅಂತ ಕೊಟ್ಟಿದ್ದು 400 ಡಾಲರ್. ಅದು ಗಣಿಯವರಿಗೆ ಸೇರಿದ್ದರೆ ಸಂತೋಷ, ಸೇರಿರಲೂಬಹುದು, ಆದರೆ ಅದು ದಾನ. ಅವನು ಅದನ್ನು ಹೂಡಿಕೆ ಅಂತ ತಿಳಿದಿದ್ದ. ವ್ಯಾಪಾರಿ ಆ ದಿನದ ದರ ನೋಡಿ, ತಮ್ಮ ಕಮಿಷನ್ ಮುರಿದು, ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದರು.

"ಮತ್ತೆ ಈ ಪ್ರಮಾಣಪತ್ರಕ್ಕೆ?"

ಅವರು ಕಾಗದವನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಪೂರ್ತಿ ಓದಿದರು. ಅಷ್ಟು ಮರ್ಯಾದೆ ಅದಕ್ಕೆ ಮೊದಲ ಸಲ ಸಿಕ್ಕಿರಬೇಕು. ಗಟ್ಟಿಯನ್ನು ಉಳಿದ ಗಟ್ಟಿಗಳ ಜೊತೆ ಟ್ರೇಗೆ ಹಾಕಿ, ಕಾಗದ ಮಡಚಿ ವಾಪಸ್ ಕೊಟ್ಟರು.

"ಇದು ನಮಗೆ ಬೇಡ ಸಾರ್, ನೀವೇ ಇಟ್ಕೊಳ್ಳಿ. ಪೆಟ್ಟಿಗೆ ಬೇಕಾದ್ರೆ ಬಿಟ್ಟುಹೋಗಿ, ಚೆನ್ನಾಗಿದೆ."