‘ಆಮೇಲೆ ನೋಡುವ’ ಅಂತ ಬರೆದರೆ ಮೇಲ್ ನಿಲ್ಲುವುದಿಲ್ಲ ಮಾರಾಯ್ರೆ

ಮಲ್ಪೆ ಹತ್ತಿರ ನನ್ನ ಭಾವನದ್ದೊಂದು ಸಣ್ಣ ಹೋಂಸ್ಟೇ ಉಂಟು. ಬುಕಿಂಗ್ ಸಾಫ್ಟ್‌ವೇರ್ ಮಾರುವ ಒಂದು ಕಂಪನಿಯಿಂದ ಅವರಿಗೆ ಮೇಲ್ ಮೇಲೆ ಮೇಲ್. ಇವರು ಕೇಳಿದ್ದೂ ಇಲ್ಲ, ಹೆಸರು ಕೊಟ್ಟದ್ದೂ ಇಲ್ಲ. ಕೊನೆಗೆ ಭಾವ ಉತ್ತರ ಬರೆದರು: ‘ಥ್ಯಾಂಕ್ಯೂ. ಈಗ ಮಳೆಗಾಲ, ಗಿರಾಕಿ ಕಮ್ಮಿ. ಆಮೇಲೆ ನೋಡುವ.’

ನಮ್ಮ ಕಡೆ ಇದು ಬೇಡ ಅನ್ನುವ ಮಾತು. ಆ ಕಡೆ ಕೂತವನಿಗೆ ಹಾಗೆ ಕೇಳಿಸಲೇ ಇಲ್ಲ. ಮಾರಾಟದವರ ಸಾಫ್ಟ್‌ವೇರ್‌ನಲ್ಲಿ ಬಂದ ಉತ್ತರಕ್ಕೆಲ್ಲ ಒಂದು ಗುರುತು ಬೀಳುತ್ತದೆ. ಆಸಕ್ತಿ ಇದೆ, ಈಗ ಬೇಡ, ಇನ್ನು ಸಂಪರ್ಕಿಸಬಾರದು, ಹೀಗೆ. ‘ಈಗ ಬೇಡ’ ಅಂದವರಿಗೆ ಮುಂದಿನ ದಿನಾಂಕ ಹಾಕಿಡುತ್ತಾರೆ. ಅಕ್ಟೋಬರ್ ಬಂತು, ಮೇಲೂ ಬಂತು. ‘ಸರ್, ಮಳೆಗಾಲ ಮುಗಿಯಿತಲ್ಲ, ಹತ್ತು ನಿಮಿಷ ಮಾತಾಡೋಣವೇ?’ ಭಾವನಿಗೆ ಪಿತ್ತ ನೆತ್ತಿಗೇರಿತು. ಬೈದು ಬರೆಯುತ್ತೇನೆ ಅಂತ ಕೂತರು.

ಬೈಯುವುದರಿಂದ ಏನೂ ಆಗುವುದಿಲ್ಲ. ಆ ಮೇಲ್‌ನ ಕೆಳಗೆ ಹೆಸರಿರುವ ಹುಡುಗ ಒಂದೊಂದನ್ನೂ ಕೂತು ಟೈಪ್ ಮಾಡುವುದಿಲ್ಲ. ಮೊದಲ ಮೇಲ್, ಮೂರು ದಿನ ಬಿಟ್ಟು ‘ನನ್ನ ಮೇಲ್ ನೋಡಿದಿರಾ’, ವಾರ ಬಿಟ್ಟು ‘ಇದು ಕೊನೆಯ ಸಲ’. ಇಂಥ ಸರಣಿಯನ್ನು ಮೊದಲೇ ಬರೆದಿಟ್ಟಿರುತ್ತಾರೆ, ಕಳಿಸುವುದು ಯಂತ್ರ. ಉತ್ತರ ಹೋದರೆ ಸಾಮಾನ್ಯವಾಗಿ ಸರಣಿ ನಿಲ್ಲುತ್ತದೆ, ಆಗ ಮನುಷ್ಯನೊಬ್ಬ ಓದುತ್ತಾನೆ. ಅವನು ಓದುವುದು ಆ ಒಂದು ಸಲ. ಅಷ್ಟರಲ್ಲಿ ಅವನು ಯಾವ ಬಟನ್ ಒತ್ತಬೇಕು ಅಂತ ನಾವು ಸ್ಪಷ್ಟ ಮಾಡಬೇಕು. ಕೋಪದ ಪತ್ರದಲ್ಲಿ ಅದು ಮುಚ್ಚಿಹೋಗುತ್ತದೆ, ಸಂಕೋಚದ ಪತ್ರದಲ್ಲಿ ಇರುವುದೇ ಇಲ್ಲ.

ಎಲ್ಲ ಮೇಲ್‌ಗೂ ಉತ್ತರ ಬರೆಯಬೇಕಾಗಿಲ್ಲ. ಅಂಗಡಿ, ಬ್ಯಾಂಕುಗಳ ಜಾಹೀರಾತು ಮೇಲ್‌ಗೆ ಜಿಮೇಲ್‌ನಲ್ಲಿ ಕಳಿಸಿದವರ ಹೆಸರಿನ ಪಕ್ಕದಲ್ಲೇ Unsubscribe ಕಾಣುತ್ತದೆ, ಒತ್ತಿದರೆ ಮುಗಿಯಿತು. ಕಂಪನಿಯೇ ಯಾವುದೆಂದು ತಿಳಿಯದ, ಲಾಟರಿ-ಸಾಲ ಅನ್ನುವ ಮೇಲ್‌ಗೆ ಉತ್ತರ ಕೊಡಲೇಬಾರದು. ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನಾವೇ ಹೇಳಿದಂತಾಗುತ್ತದೆ. ನಾನು ಹೇಳುತ್ತಿರುವುದು ನಿಜವಾದ ಕಂಪನಿಯಿಂದ, ಒಬ್ಬ ಮನುಷ್ಯನ ಹೆಸರಲ್ಲಿ, Unsubscribe ಇಲ್ಲದೆ ಬರುವ ಮೇಲ್ ಬಗ್ಗೆ ಮಾತ್ರ.

ಭಾವ ಮತ್ತು ನಾನು ಸೇರಿ ಬರೆದ ಉತ್ತರ ಇದು. ಕಳಿಸಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

‘ನಮಸ್ಕಾರ. ನಿಮ್ಮ ಸಾಫ್ಟ್‌ವೇರ್ ನಮಗೆ ಬೇಡ, ಮುಂದೆಯೂ ಬೇಡ. ನಾನು ಈ ಉತ್ತರ ಕಳಿಸುತ್ತಿರುವ ವಿಳಾಸವನ್ನು ದಯವಿಟ್ಟು ನಿಮ್ಮ ಕಂಪನಿಯ ಸಂಪರ್ಕಿಸಬಾರದವರ ಪಟ್ಟಿಗೆ ಸೇರಿಸಿ. ನಿಮ್ಮ ಸಹೋದ್ಯೋಗಿಗಳಿಂದಲೂ ಮೇಲ್ ಬರಬಾರದು. ಈ ವಿಳಾಸ ನಿಮಗೆ ಎಲ್ಲಿಂದ ಸಿಕ್ಕಿತು ಎಂದು ತಿಳಿಸಿ. ಸೇರಿಸಿದ ಮೇಲೆ ಒಂದು ಸಾಲು ಬರೆದರೆ ಸಾಕು. ಮತ್ತೆ ಮೇಲ್ ಬಂದರೆ ಸ್ಪ್ಯಾಮ್ ಎಂದು ಗುರುತು ಮಾಡುತ್ತೇನೆ.’

ಇಷ್ಟೇ. ಇದರಲ್ಲಿ ‘ಅಳಿಸಿ’ ಅಂತ ಇಲ್ಲ, ಗಮನಿಸಿ. ಭಾವ ಮೊದಲು ಹಾಗೇ ಬರೆದಿದ್ದರು, ನಾನು ತೆಗೆಸಿದೆ. ಕಂಪನಿ ನಮ್ಮ ವಿಳಾಸವನ್ನು ಪೂರ್ತಿ ಅಳಿಸಿದರೆ ನಾವು ಬೇಡ ಅಂದದ್ದು ಕೂಡ ಅಳಿಸಿಹೋಗುತ್ತದೆ. ಆರು ತಿಂಗಳಲ್ಲಿ ಅವರು ಇನ್ಯಾರಿಂದಲೋ ‘ಕರಾವಳಿಯ ಹೋಂಸ್ಟೇಗಳು’ ಅಂತ ಒಂದು ಪಟ್ಟಿ ಖರೀದಿ ಮಾಡುತ್ತಾರೆ. ಅದರಲ್ಲಿ ಭಾವನ ವಿಳಾಸ ಇರುತ್ತದೆ, ಹೊಸ ಗಿರಾಕಿ ಅಂತ ಮತ್ತೆ ಶುರು. ಸಂಪರ್ಕಿಸಬಾರದವರ ಪಟ್ಟಿಯಲ್ಲಿ ವಿಳಾಸ ಉಳಿದಿದ್ದರೆ ಸಾಫ್ಟ್‌ವೇರ್ ಹೊಸ ಪಟ್ಟಿಯನ್ನು ಅದರ ಜೊತೆ ಹೋಲಿಸಿ ನೋಡುತ್ತದೆ, ವಿಳಾಸ ಸಿಕ್ಕಿದರೆ ಕಳಿಸುವುದಿಲ್ಲ. ವಿಚಿತ್ರ ಅನಿಸಬಹುದು. ಅವರು ನಮ್ಮನ್ನು ಬಿಡಬೇಕಾದರೆ ನಮ್ಮ ವಿಳಾಸ ಅವರ ಹತ್ತಿರ ಇರಲೇಬೇಕು.

ಯಾವ ವಿಳಾಸದಿಂದ ಉತ್ತರ ಹೋಗುತ್ತದೆ ಅನ್ನುವುದಕ್ಕೆ ಇನ್ನೂ ಜಾಸ್ತಿ ಗಮನ ಬೇಕು. ಹೋಂಸ್ಟೇ ವೆಬ್‌ಸೈಟಿನಲ್ಲಿರುವ ವಿಳಾಸಕ್ಕೆ ಬಂದ ಮೇಲ್ ತಾನಾಗಿ ಭಾವನ ಸ್ವಂತ ಜಿಮೇಲ್‌ಗೆ ಬರುವ ಹಾಗೆ ಮಾಡಿಟ್ಟಿದ್ದಾರೆ. ಅಲ್ಲಿಂದ ಸುಮ್ನೆ ರಿಪ್ಲೈ ಒತ್ತಿದರೆ ಹೋಗುವುದು ಸ್ವಂತ ಜಿಮೇಲ್‌ನಿಂದ. ಪಟ್ಟಿಯಲ್ಲಿ ಇದ್ದದ್ದು ಬೇರೆ ವಿಳಾಸ, ತೆಗೆಯಿರಿ ಅಂದದ್ದು ಬೇರೆ ವಿಳಾಸ! ಹಳೆಯದು ಹಾಗೇ ಉಳಿಯಿತು, ಹೊಸದೊಂದನ್ನು ಕೈಯಾರೆ ಕೊಟ್ಟಂತೆಯೂ ಆಯಿತು. ಬಂದ ಮೇಲ್‌ನ To ಸಾಲು ನೋಡಿ, ಅದೇ ವಿಳಾಸದಿಂದ ಬರೆಯಬೇಕು. ಆಗದಿದ್ದರೆ ಆ ವಿಳಾಸವನ್ನು ಪತ್ರದೊಳಗೇ ಟೈಪ್ ಮಾಡಬೇಕು. ಕೆಳಗೆ ತಾನಾಗಿ ಸೇರಿಕೊಳ್ಳುವ ಸಹಿಯಲ್ಲಿ ಮೊಬೈಲ್ ನಂಬರ್ ಇದ್ದರೆ ಅದನ್ನೂ ಅಳಿಸಿ. ಇಲ್ಲದಿದ್ದರೆ ಮೇಲ್ ನಿಂತು ವಾಟ್ಸ್ಆ್ಯಪ್ ಶುರುವಾದೀತು.

‘ಕಾನೂನಿನ ಒಂದು ಸಾಲು ಹಾಕುವ, ಹೆದರಲಿ’ ಅಂದರು ಭಾವ. ನಾನು ಬೇಡ ಅಂದೆ. 1909 ನಂಬರಿಗೆ ದೂರು ಕೊಡುವ, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ವ್ಯವಸ್ಥೆ ಇರುವುದು ಕರೆ ಮತ್ತು ಎಸ್‌ಎಂಎಸ್‌ಗೆ, ಇಮೇಲ್‌ಗೆ ಅಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರ ಕಾಯ್ದೆ ಉಂಟು, ನಿಜ. ಆದರೆ ವ್ಯಕ್ತಿ ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಹೋಂಸ್ಟೇ ವಿಳಾಸವನ್ನು ವೆಬ್‌ಸೈಟಿನಲ್ಲಿ ದೊಡ್ಡದಾಗಿ ಹಾಕಿಕೊಂಡವರು ಯಾರು? ವಕೀಲರಿರುವ ಕಂಪನಿಯ ಮುಂದೆ ನಿಲ್ಲದ ಮಾತನ್ನು ಆಡಿದರೆ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಅವರು ನಿಜವಾಗಿ ಹೆದರುವುದು ಪತ್ರದ ಕೊನೆಯ ಸಾಲಿಗೆ. 2024ರ ಫೆಬ್ರವರಿಯಿಂದ ಗೂಗಲ್ ನಿಯಮ ಬಿಗಿ ಮಾಡಿದೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರ ಜಾಹೀರಾತು ಮೇಲ್‌ನಲ್ಲಿ ಒಂದೇ ಕ್ಲಿಕ್ಕಿನ Unsubscribe ಇರಬೇಕು. ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ಕ್ಕಿಂತ ಕೆಳಗಿರಬೇಕು. ಅಂದರೆ ಸಾವಿರ ಮೇಲ್‌ಗೆ ಮೂರು ಜನ ಸ್ಪ್ಯಾಮ್ ಒತ್ತಿದರೂ ಜಾಸ್ತಿಯೇ. ಮಿತಿ ದಾಟಿದರೆ ಕಂಪನಿಯ ಡೊಮೈನ್‌ಗೆ, ಅಂದರೆ ಮೇಲ್ ವಿಳಾಸದಲ್ಲಿ @ ಆದ ಮೇಲೆ ಬರುವ ಭಾಗಕ್ಕೆ, ಕೆಟ್ಟ ಹೆಸರು ಬರುತ್ತದೆ, ಗಿರಾಕಿಗಳಿಗೆ ಕಳಿಸುವ ಬಿಲ್ ಕೂಡ ಸ್ಪ್ಯಾಮ್ ಫೋಲ್ಡರ್‌ಗೆ ಬೀಳಬಹುದು. ಇದಕ್ಕಾಗಿಯೇ ಕೆಲವರು ಮಾರಾಟದ ಮೇಲ್‌ಗೆಂದು ಸ್ವಲ್ಪ ಬೇರೆ ಹೆಸರಿನ ಡೊಮೈನ್ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ನಾವು ಪತ್ರದಲ್ಲಿ ‘ನಿಮ್ಮ ಕಂಪನಿಯ’ ಅಂತ ಬರೆದದ್ದು. ಆ ಒಂದು ಡೊಮೈನ್ ಬ್ಲಾಕ್ ಮಾಡಿದರೆ ಇನ್ನೊಂದರಿಂದ ಬರುತ್ತದೆ.

ಮರುದಿನವೇ ಉತ್ತರ ಬಂತು. ಪಟ್ಟಿಗೆ ಸೇರಿಸಿದ್ದೇವೆ, ಕ್ಷಮಿಸಿ, ವಿಳಾಸ ನಿಮ್ಮ ವೆಬ್‌ಸೈಟಿನಿಂದ ಸಿಕ್ಕಿತ್ತು. ಕೆಳಗೆ ಇನ್ನೊಂದು ಸಾಲು: ‘ಬೇಡ ಅನ್ನಲು ಕಾರಣ ತಿಳಿಸಬಹುದೇ ಸರ್?’

ಭಾವ ಉತ್ತರ ಟೈಪ್ ಮಾಡಲು ಶುರು ಮಾಡಿದರು. ‘ಪಾಪ, ಮರ್ಯಾದೆಯಲ್ಲಿ ಕೇಳಿದ್ದಾನೆ ಮಾರಾಯ.’

‘ಭಾವ, ಬೇಡ. ನೀವು ರೇಟ್ ಜಾಸ್ತಿ ಅಂದರೆ ಡಿಸ್ಕೌಂಟ್ ಕೊಡುತ್ತೇನೆ ಅಂತಾನೆ. ಕೋಣೆ ಇರುವುದೇ ನಾಲ್ಕು ಅಂದರೆ ನಾಲ್ಕು ಕೋಣೆಗೇ ಬೇರೆ ಪ್ಲ್ಯಾನ್ ಉಂಟು ಅಂತಾನೆ.’

‘ಹಾಗಾದರೆ ಎಂತ ಬರೆಯುವುದು?’

‘ಎಂತದೂ ಇಲ್ಲ. ಆರ್ಕೈವ್ ಮಾಡಿ.’