ಎಂಬತ್ತು ಗಂಟೆಯ ಬಿಡುವು, ನಾಲ್ಕು ಗಂಟೆಯ ನಿದ್ದೆ

ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಶಿಫ್ಟ್ ಚಾರ್ಟ್ ಬರೆದವನು ನಾನು. ಚಾರ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ ಕೂಡಲೇ ಜನ ಮೊದಲು ನೋಡುತ್ತಿದ್ದುದು ತಮ್ಮ ರಜೆ ಎಂದು ಬಿದ್ದಿದೆ ಎಂಬುದನ್ನು, ಆಮೇಲೆ ನೈಟ್ ಶಿಫ್ಟ್ ಎಂದು ಬಿದ್ದಿದೆ ಎಂಬುದನ್ನು. ಒಂದು ಶಿಫ್ಟ್ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಎಷ್ಟು ಗಂಟೆ ಸಿಗುತ್ತದೆ ಎಂದು ಬೆರಳು ಮಡಿಸಿ ಎಣಿಸಿದವರನ್ನು ನಾನು ಕಾಣಲಿಲ್ಲ. ಚಾರ್ಟ್ ಬರೆಯುತ್ತಿದ್ದ ನಾನೂ ಮೊದಲ ಕೆಲವು ವರ್ಷ ಎಣಿಸಿರಲಿಲ್ಲ. ಹಿಂದಿನವರು ಬರೆದಿದ್ದ ಹಾಗೆಯೇ ಬರೆಯುತ್ತಿದ್ದೆ.

ನಮ್ಮಲ್ಲಿ ಫಸ್ಟ್ ಶಿಫ್ಟ್ ಬೆಳಗ್ಗೆ 6ರಿಂದ 2, ಸೆಕೆಂಡ್ ಶಿಫ್ಟ್ 2ರಿಂದ ರಾತ್ರಿ 10, ನೈಟ್ ಶಿಫ್ಟ್ 10ರಿಂದ ಬೆಳಗ್ಗೆ 6. ಫಸ್ಟ್ ಆದ ಮೇಲೆ ಸೆಕೆಂಡ್, ಸೆಕೆಂಡ್ ಆದ ಮೇಲೆ ನೈಟ್ ಬಂದರೆ ಅದು ಮುಂದಕ್ಕೆ ಸುತ್ತುವ ಪಾಳಿ, ಏಕೆಂದರೆ ಪ್ರತಿ ಬದಲಾವಣೆಯಲ್ಲೂ ಕೆಲಸ ಶುರುವಾಗುವ ಹೊತ್ತು ಎಂಟು ಗಂಟೆ ಮುಂದೆ ಹೋಗುತ್ತದೆ. ನೈಟ್ ಆದ ಮೇಲೆ ಸೆಕೆಂಡ್, ಸೆಕೆಂಡ್ ಆದ ಮೇಲೆ ಫಸ್ಟ್ ಬಂದರೆ ಅದು ಹಿಂದಕ್ಕೆ ಸುತ್ತುವ ಪಾಳಿ. ಶಿಫ್ಟ್‌ಗಳೂ ಅವೇ, ದುಡಿಯುವ ಗಂಟೆಗಳೂ ಅಷ್ಟೇ. ಹಾಗಾಗಿ ಎಡದಿಂದ ಬರೆದರೇನು, ಬಲದಿಂದ ಬರೆದರೇನು ಎಂದು ಆಡಳಿತದವರು ಕೇಳಿದರೆ ಅದು ತಪ್ಪು ಪ್ರಶ್ನೆಯೆಂದು ಮೊದಲ ನೋಟಕ್ಕೆ ಅನಿಸುವುದಿಲ್ಲ.

ಆದರೆ ದೇಹಕ್ಕೆ ಎರಡೂ ಒಂದೇ ಅಲ್ಲ. ನಮ್ಮೊಳಗಿನ ಗಡಿಯಾರ ಸರಿಯಾಗಿ 24 ಗಂಟೆಗೆ ಸುತ್ತುವುದಿಲ್ಲ. ಬೆಳಕು ಮತ್ತು ಹೊತ್ತಿನ ಸುಳಿವು ಸಿಗದಂತೆ ಮಾಡಿ ಅಳೆದಾಗ ಅದು ಸರಾಸರಿ 24 ಗಂಟೆ 11 ನಿಮಿಷದ ಸುತ್ತು ಎಂದು ಹಾರ್ವರ್ಡ್‌ನ ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಹೀಗಾಗಿ ಹೆಚ್ಚಿನವರಿಗೆ ಇಂದು ಒಂದು ಗಂಟೆ ತಡವಾಗಿ ಮಲಗುವುದು ಸುಲಭ, ಒಂದು ಗಂಟೆ ಬೇಗ ಮಲಗುವುದು ಕಷ್ಟ. ಇದಲ್ಲದೆ ಸಂಜೆ ಏಳರಿಂದ ಒಂಬತ್ತರವರೆಗಿನ ಹೊತ್ತಿಗೆ ಒಂದು ವಿಚಿತ್ರ ಗುಣವಿದೆ: ಇಡೀ ದಿನದಲ್ಲಿ ನಿದ್ದೆ ಬರಲು ಅತ್ಯಂತ ಹಟ ಮಾಡುವ ಹೊತ್ತು ಅದು. ನಸುಕಿನಲ್ಲಿ ನಾಲ್ಕು ಗಂಟೆಗೆ ಏಳಬೇಕಾದವನು ರಾತ್ರಿ ಎಂಟೂವರೆಗೆ ದೀಪ ಆರಿಸಿ, ಮನೆಯವರೆಲ್ಲ ಪಿಸುಮಾತಿನಲ್ಲಿ ಊಟ ಮಾಡುತ್ತಿರುವಾಗ ಕಣ್ಣು ಬಿಟ್ಟುಕೊಂಡು ಮಲಗಿರುವುದಕ್ಕೆ ಕಾರಣ ಅವನ ಚಿಂತೆ ಮಾತ್ರವಲ್ಲ. ಹಿಂದಕ್ಕೆ ಸುತ್ತುವ ಪಾಳಿ ಪ್ರತಿ ಸಲವೂ ಇದನ್ನೇ ಕೇಳುತ್ತದೆ: ನಿನ್ನೆಗಿಂತ ಬೇಗ ಮಲಗು, ನಿನ್ನೆಗಿಂತ ಬೇಗ ಏಳು.

ನಮ್ಮದು ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ಘಟಕವಾದ್ದರಿಂದ ನಾಲ್ಕು ತಂಡಗಳಿದ್ದವು. ಎಂಟು ದಿನಗಳ ಸುತ್ತಿನಲ್ಲಿ ಎರಡು ನೈಟ್, ಎರಡು ಸೆಕೆಂಡ್, ಎರಡು ಫಸ್ಟ್, ಆಮೇಲೆ ರಜೆ. ಅಂದರೆ ಹಿಂದಕ್ಕೆ. ಎರಡನೆಯ ನೈಟ್ ಬೆಳಗ್ಗೆ 6ಕ್ಕೆ ಮುಗಿಯುತ್ತದೆ. ಅದೇ ಮಧ್ಯಾಹ್ನ 2ಕ್ಕೆ ಸೆಕೆಂಡ್ ಶಿಫ್ಟ್‌ಗೆ ಹಾಜರಾಗಬೇಕು. ನಡುವೆ ಎಂಟು ಗಂಟೆ. ಎರಡನೆಯ ಸೆಕೆಂಡ್ ರಾತ್ರಿ 10ಕ್ಕೆ ಮುಗಿಯುತ್ತದೆ. ಮರುದಿನ ಬೆಳಗ್ಗೆ 6ಕ್ಕೆ ಫಸ್ಟ್. ಮತ್ತೆ ಎಂಟು ಗಂಟೆ. ಈ ಎರಡನೆಯದನ್ನೇ ಬಿಡಿಸಿ ನೋಡೋಣ. ರಿಲೀವರ್ ಬಂದು, ಅವನಿಗೆ ಲಾಗ್‌ಬುಕ್ ಒಪ್ಪಿಸಿ, ಕಂಪನಿ ಬಸ್ಸು ಹೊರಡುವಾಗ 10:20. ಮನೆ ಮುಟ್ಟುವಾಗ 11:15. ಸ್ನಾನ, ಊಟ ಮುಗಿಸಿ ಹಾಸಿಗೆಗೆ ಬಿದ್ದು ಕಣ್ಣು ಹತ್ತುವಾಗ 12:15. ಬೆಳಗಿನ ಬಸ್ಸು ನಿಲ್ದಾಣಕ್ಕೆ 5:05ಕ್ಕೆ ಬರುವುದರಿಂದ ಅಲಾರಂ 4:15ಕ್ಕೆ. ಎಂಟು ಗಂಟೆಯ ಬಿಡುವಿನಲ್ಲಿ ನಿದ್ದೆಗೆ ಉಳಿದದ್ದು ನಾಲ್ಕು ಗಂಟೆ, ಅದೂ ಎಲ್ಲವೂ ಸರಿಯಾಗಿ ನಡೆದರೆ.

ಇದರ ಗುರುತು ನನಗೆ ಸಿಕ್ಕಿದ್ದು ಲಾಗ್‌ಬುಕ್ಕಿನಲ್ಲಿ. ಪಂಪ್‌ಗಳ ಪ್ರೆಶರ್ ಮತ್ತು ಬೇರಿಂಗ್ ಟೆಂಪರೇಚರ್ ಅನ್ನು ಗಂಟೆಗೊಮ್ಮೆ ಹೋಗಿ ನೋಡಿ ಬರೆಯಬೇಕಿತ್ತು. ಸಾಮಾನ್ಯವಾಗಿ ಕೊನೆಯ ಅಂಕಿ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತಲೇ ಇರುತ್ತದೆ. ಒಂದು ದಿನ ಹಳೆಯ ಪುಸ್ತಕ ತಿರುವುತ್ತಿದ್ದಾಗ ಕೆಲವು ಪುಟಗಳಲ್ಲಿ ಬೆಳಗ್ಗೆ 9ರಿಂದ 12ರವರೆಗೆ ಒಂದೇ ಅಂಕಿ ಮೇಲಿಂದ ಕೆಳಕ್ಕೆ ಇಳಿದಿತ್ತು, ಅಕ್ಷರ ಗೆರೆ ಬಿಟ್ಟು ಜಾರಿತ್ತು. ತಾರೀಖು ಹೊಂದಿಸಿ ನೋಡಿದರೆ ಬಹುಪಾಲು ಪುಟಗಳು ಸೆಕೆಂಡ್ ಮುಗಿಸಿ ಫಸ್ಟ್‌ಗೆ ಬಂದ ದಿನದವು. ಒಂದು ಪುಟ ನನ್ನದೇ ಕೈಬರಹದ್ದು. ನೈಟ್ ಶಿಫ್ಟಿನಲ್ಲಿ ತೂಕಡಿಸುವವನನ್ನು ಎಲ್ಲರೂ ಹಿಡಿಯುತ್ತಾರೆ; ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಕಣ್ಣು ತೆರೆದೇ ತೂಕಡಿಸುವವನನ್ನು ಯಾರೂ ಅನುಮಾನಿಸುವುದಿಲ್ಲ.

ಹಾಗಿದ್ದೂ ಈ ಚಾರ್ಟನ್ನು ಕಾರ್ಮಿಕರು ಪ್ರೀತಿಸುತ್ತಿದ್ದರು. ಕಾರಣ ಕೊನೆಯ ಬಿಡುವಿನಲ್ಲಿದೆ. ಆರನೆಯ ದಿನ ಮಧ್ಯಾಹ್ನ 2ಕ್ಕೆ ಫಸ್ಟ್ ಮುಗಿದರೆ ಮುಂದಿನ ನೈಟ್ ಇರುವುದು ಒಂಬತ್ತನೆಯ ದಿನ ರಾತ್ರಿ 10ಕ್ಕೆ: ಸತತವಾಗಿ 80 ಗಂಟೆ. ಹಾಸನದ ಕಡೆಯ ಹುಡುಗ ಅಂದೇ ಸಂಜೆ ಬಸ್ಸು ಹತ್ತಿ, ಊರಿನಲ್ಲಿ ಎರಡು ದಿನ ತೋಟದ ಕೆಲಸ ನೋಡಿ, ಬಂದು ಮಧ್ಯಾಹ್ನ ಮಲಗಿ ನೈಟ್‌ಗೆ ಹಾಜರಾಗಬಹುದು. ಅದೇ ಶಿಫ್ಟ್‌ಗಳನ್ನು ಮುಂದಕ್ಕೆ ಸುತ್ತಿದರೆ ಬಿಡುವುಗಳು 24, 24 ಮತ್ತು 48 ಗಂಟೆಗಳಾಗುತ್ತವೆ. ಕೂಡಿಸಿ ನೋಡಿ: ಹಿಂದಕ್ಕೆ 8, 8 ಮತ್ತು 80, ಎರಡೂ ಕಡೆ ಮೊತ್ತ 96. ಅಂದರೆ ಹಿಂದಕ್ಕೆ ಸುತ್ತುವ ಪಾಳಿ ಯಾರಿಗೂ ಒಂದು ಗಂಟೆಯನ್ನೂ ಹೆಚ್ಚಾಗಿ ಕೊಡುವುದಿಲ್ಲ; ಎರಡು ರಾತ್ರಿಗಳ ನಿದ್ದೆಯಿಂದ ಕಡಿದು ತಂದದ್ದನ್ನು ರಜೆಗೆ ಹೊಲಿದು ಕೊಡುತ್ತದೆ.

ಇದು ನಮ್ಮವರ ಚಪಲ ಮಾತ್ರವೂ ಅಲ್ಲ. ಅಮೆರಿಕದ ವಿಮಾನ ಸಂಚಾರ ನಿಯಂತ್ರಕರಲ್ಲಿ ಎರಡು ಮಧ್ಯಾಹ್ನ, ಎರಡು ಬೆಳಗು, ಒಂದು ರಾತ್ರಿ ಎಂಬ ಹಿಂದಕ್ಕೆ ಓಡುವ ಪಾಳಿ ಬಹುಕಾಲದಿಂದ ಇದೆ; ವಾರದ ಕೆಲಸವನ್ನು ಒತ್ತಿ ಹಿಡಿದು ಉದ್ದನೆಯ ರಜೆ ಕೊಡುವುದರಿಂದ ಅದು ಅವರಿಗೆ ಇಷ್ಟ, ಕೊನೆಗೆ ತಿರುಗಿ ಕಚ್ಚುವುದರಿಂದ ಅದಕ್ಕೆ ಅಲ್ಲಿ ರ್ಯಾಟ್ಲರ್, ಅಂದರೆ ಗಿಲಕಿ ಹಾವು, ಎಂಬ ಅಡ್ಡಹೆಸರು. 2011ರಲ್ಲಿ ವಾಷಿಂಗ್ಟನ್ನಿನ ವಿಮಾನ ನಿಲ್ದಾಣದಲ್ಲಿ ರಾತ್ರಿ ಒಂಟಿಯಾಗಿದ್ದ ನಿಯಂತ್ರಕ ನಿದ್ದೆಹೋದ ಪ್ರಕರಣದ ಬಳಿಕ ಅಲ್ಲಿನ ಪ್ರಾಧಿಕಾರ ಶಿಫ್ಟ್‌ಗಳ ನಡುವಿನ ಕನಿಷ್ಠ ಬಿಡುವನ್ನು 8ರಿಂದ 9 ಗಂಟೆಗೆ ಏರಿಸಿತು, 2024ರಲ್ಲಿ ಅದನ್ನು 10 ಗಂಟೆಗೆ ಏರಿಸುವುದಾಗಿ ಘೋಷಿಸಿತು. ಅವರು ಕೈಹಾಕಿದ್ದು ನಡುವಿನ ಗಂಟೆಗಳಿಗೆ ಎಂಬುದನ್ನು ಗಮನಿಸಬೇಕು.

ದಿಕ್ಕೊಂದೇ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂಬ ವಿಷಯದಲ್ಲಿ ನಾನು ಎಚ್ಚರದಿಂದ ಮಾತಾಡುತ್ತೇನೆ. ಅಮೆರಿಕದ ಯೂಟಾ ರಾಜ್ಯದ ಖನಿಜ ಕಾರ್ಖಾನೆಯೊಂದರಲ್ಲಿ ಪಾಳಿಯ ದಿಕ್ಕನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿದಾಗ ಕಾರ್ಮಿಕರ ತೃಪ್ತಿಯೂ ಉತ್ಪಾದನೆಯೂ ಹೆಚ್ಚಿದವು ಎಂಬ, 1982ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವಿದೆ; ಆದರೆ ಅಲ್ಲಿ ವಾರಕ್ಕೊಮ್ಮೆ ಬದಲಾಗುತ್ತಿದ್ದ ಪಾಳಿಯನ್ನು ಹಲವರಿಗೆ ಮೂರು ವಾರಕ್ಕೊಮ್ಮೆ ಎಂದೂ ಮಾಡಿದ್ದರು. ಫಿನ್‌ಲೆಂಡಿನ ಉಕ್ಕಿನ ಕಾರ್ಖಾನೆಯಲ್ಲಿ ವಯಸ್ಸಾದ ಕಾರ್ಮಿಕರ ನಿದ್ದೆಗೂ ಎಚ್ಚರಕ್ಕೂ ಒಳಿತಾದಾಗಲೂ ದಿಕ್ಕು ಮತ್ತು ವೇಗ ಎರಡೂ ಬದಲಾಗಿದ್ದವು. ನೆದರ್ಲೆಂಡ್ಸಿನಲ್ಲಿ ಮೂರು ಪಾಳಿಯ ಕಾರ್ಮಿಕರನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂದಕ್ಕೆ ಸುತ್ತುವವರಿಗೆ ಕೆಲಸದ ದಣಿವು ಬೇಗ ಆರುತ್ತಿತ್ತು, ಮನೆಯೊಡನೆ ತಿಕ್ಕಾಟ ಕಡಿಮೆಯಿತ್ತು. ಆದರೆ ಇನ್ನೊಂದು ಕಡೆ, ಪ್ರಯೋಗಾಲಯದಲ್ಲಿ ವೇಗವಾಗಿ ಸುತ್ತುವ ಎರಡು ಪಾಳಿಗಳನ್ನು ಹೋಲಿಸಿದವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ನನಗೆ ಅನಿಸುವುದು ಇಷ್ಟು: ಹಿಂದಕ್ಕೆ ಸುತ್ತುವುದರ ಕೇಡಿನಲ್ಲಿ ದೊಡ್ಡ ಪಾಲು ಆ ಎಂಟು ಗಂಟೆಯದು, ಗಡಿಯಾರದ ವಿರುದ್ಧ ಹೋಗುವುದರ ಪಾಲು ಅದರ ನಂತರದ್ದು.

ಮುಂದಕ್ಕೆ ಎಂದು ಬರೆದ ಮಾತ್ರಕ್ಕೆ ಚಾರ್ಟ್ ಒಳ್ಳೆಯದಾಗಿಬಿಡುವುದಿಲ್ಲ ಎಂಬುದಕ್ಕೆ ವಾರದ ಪಾಳಿಯೇ ಸಾಕ್ಷಿ. ಭಾನುವಾರ ರಜೆಯಿರುವ, ವಾರಕ್ಕೊಂದು ಶಿಫ್ಟ್ ಬದಲಾಗುವ ಸಣ್ಣ ಕಾರ್ಖಾನೆಗಳಲ್ಲಿ ಮುಂದಕ್ಕೆ ಸುತ್ತುವ ಪಾಳಿಯಲ್ಲಿ ಫಸ್ಟ್‌ನಿಂದ ಸೆಕೆಂಡ್‌ಗೆ 48 ಗಂಟೆ, ಸೆಕೆಂಡ್‌ನಿಂದ ನೈಟ್‌ಗೆ 48 ಗಂಟೆ ಸಿಗುತ್ತದೆ. ಆದರೆ ಶನಿವಾರದ ನೈಟ್ ಮುಗಿಯುವುದು ಭಾನುವಾರ ಬೆಳಗ್ಗೆ 6ಕ್ಕೆ, ಫಸ್ಟ್ ಶುರುವಾಗುವುದು ಸೋಮವಾರ ಬೆಳಗ್ಗೆ 6ಕ್ಕೆ. ಆರು ರಾತ್ರಿ ಎಚ್ಚರವಿದ್ದವನಿಗೆ ಸಿಗುವುದು 24 ಗಂಟೆ. ಶಿಫ್ಟ್ ನಡುರಾತ್ರಿ ದಾಟಿದರೆ ಅದು ಮುಗಿದ ಕ್ಷಣದಿಂದ ಎಣಿಸಿದ 24 ಗಂಟೆಯೇ ಪೂರ್ಣ ದಿನದ ರಜೆ ಎಂದು 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 57ನೇ ಕಲಂ ಬರೆದಿತ್ತಾದ್ದರಿಂದ ಕಾಗದದ ಮೇಲೆ ಅವನಿಗೆ ವಾರದ ರಜೆ ಸಂದಾಯವಾಗುತ್ತಿತ್ತು. ಮನೆಯಲ್ಲಿ ನೋಡಿದರೆ ಆ ಭಾನುವಾರ ಅರ್ಧ ಹೊತ್ತು ನಿದ್ದೆಗೆ ಹೋಗುತ್ತದೆ, ಉಳಿದರ್ಧದಲ್ಲಿ ಅವನು ರಾತ್ರಿ ಒಂಬತ್ತಕ್ಕೆ ಮತ್ತೆ ಮಲಗಲು ಹೆಣಗುತ್ತಾನೆ. ನೈಟ್ ಆದ ಮೇಲೆ ಎರಡು ಪೂರ್ಣ ರಾತ್ರಿ ಹಾಸಿಗೆಯಲ್ಲಿ ಕಳೆಯಲು ಬಿಡದ ಚಾರ್ಟನ್ನು, ಅದು ಯಾವ ದಿಕ್ಕಿನದಾದರೂ, ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಕೊನೆಗೆ ಚಾರ್ಟನ್ನು ತಿರುಗಿಸಿದೆವು: ಎರಡು ಫಸ್ಟ್, ಎರಡು ಸೆಕೆಂಡ್, ಎರಡು ನೈಟ್, ಎರಡು ರಜೆ. ನಲವತ್ತು ದಾಟಿದವರು ಒಂದು ತಿಂಗಳೊಳಗೆ ಒಪ್ಪಿದರು. ನೈಟ್ ಎರಡೇ ಆದ್ದರಿಂದ ಅದಕ್ಕೆ ದೇಹ ಒಗ್ಗಿಸಿಕೊಳ್ಳಬೇಕಾದ ಗೋಜಿರಲಿಲ್ಲ, ಸೆಕೆಂಡ್ ಮುಗಿಸಿ ಮರುದಿನ ಒಂಬತ್ತರವರೆಗೆ ಮಲಗಿ ನೈಟ್‌ಗೆ ಬರಬಹುದಿತ್ತು. ಫಸ್ಟ್ ಶಿಫ್ಟಿನ 4:15ರ ಅಲಾರಂ ಮಾತ್ರ ಹಾಗೆಯೇ ಉಳಿಯಿತು, ಅದನ್ನು ಯಾವ ದಿಕ್ಕೂ ಸರಿಪಡಿಸಲಾರದು. ಊರು ದೂರವಿದ್ದ ಹುಡುಗರು 80 ಗಂಟೆ ಕಳೆದುಕೊಂಡ ಸಿಟ್ಟಿನಲ್ಲಿ ಶಿಫ್ಟ್ ಅದಲುಬದಲು ಮಾಡಿಕೊಳ್ಳತೊಡಗಿ ಮೂರೇ ವಾರದಲ್ಲಿ ಹಳೆಯ ಎಂಟು ಗಂಟೆಯನ್ನು ಹಿಂಬಾಗಿಲಿನಿಂದ ತಂದರು. "ಸಾರ್, ನಿದ್ದೆ ನಮ್ದು, ನಿಮಗ್ಯಾಕೆ?" ಎಂದು ಒಬ್ಬ ಕೇಳಿಯೂ ಬಿಟ್ಟ. ಯೂರೋಪಿನ ಒಕ್ಕೂಟದ ದೇಶಗಳಲ್ಲಿ ದಿನಕ್ಕೆ ಕನಿಷ್ಠ 11 ಗಂಟೆಗಳ ಸತತ ಬಿಡುವು ಕೊಡಬೇಕೆಂಬ ನಿಯಮವಿದೆ. ಅದನ್ನೇ ಎರವಲು ತಂದು, ಅದಲುಬದಲಿನ ಪುಸ್ತಕದಲ್ಲಿ ಎರಡು ಹೊಸ ಕಾಲಂ ಎಳೆದೆ. ಒಂದರಲ್ಲಿ ಹಿಂದಿನ ಶಿಫ್ಟ್ ಮುಗಿದ ಹೊತ್ತು, ಇನ್ನೊಂದರಲ್ಲಿ ಮುಂದಿನದು ಶುರುವಾಗುವ ಹೊತ್ತು. ಎರಡರ ನಡುವೆ 11 ಗಂಟೆ ಇಲ್ಲದಿದ್ದರೆ ಶಿಫ್ಟ್ ಇನ್‌ಚಾರ್ಜ್ ಸಹಿ ಹಾಕುವಂತಿಲ್ಲ. ಮೊದಲ ವಾರ ಸಹಿ ಸಿಗದೆ ವಾಪಸಾದ ಅರ್ಜಿಗಳಲ್ಲಿ ಒಂದು ನಾನೇ ಬರೆದದ್ದು, ಅಕ್ಕನ ಮಗಳ ಮದುವೆಗೆ.