ಗೈರುಹಾಜರಾದ ಮಗುವಿಗೆ ಸೊನ್ನೆ ಅಂಕ ಬರೆದಾಗ ತರಗತಿಯ ಸರಾಸರಿಗೆ ಏನಾಗುತ್ತದೆ

ಒಂಬತ್ತನೇ ತರಗತಿಯ ಗಣಿತ ಕಿರುಪರೀಕ್ಷೆಯ ಸರಾಸರಿಯ ಬಗ್ಗೆ ನಮ್ಮ ಮುಖ್ಯೋಪಾಧ್ಯಾಯರಿಗೆ ಬರೆದುಕೊಟ್ಟ ಟಿಪ್ಪಣಿಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಹಾಕುತ್ತಿದ್ದೇನೆ. ಉಡುಪಿಯ ಸುತ್ತಲಿನ ಶಾಲೆಗಳಲ್ಲಿ ಮಳೆಗಾಲದ ಪರೀಕ್ಷೆಗೆ ಒಂದಷ್ಟು ಮಕ್ಕಳು ತಪ್ಪಿಹೋಗುವುದು ಪ್ರತಿವರ್ಷದ ಸಂಗತಿಯಾದ್ದರಿಂದ, ಶಿಕ್ಷಕ ಮಿತ್ರರು ತಮ್ಮ ಅಂಕಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಬೇಕೆಂದು ನನ್ನ ಕೋರಿಕೆ.

ಮಾನ್ಯ ಮುಖ್ಯೋಪಾಧ್ಯಾಯರೇ,

ಕಳೆದ ಶಿಕ್ಷಕರ ಸಭೆಯಲ್ಲಿ ‘ಎ’ ವಿಭಾಗದ ಸರಾಸರಿ 25ಕ್ಕೆ 15.3 ಎಂದೂ ‘ಬಿ’ ವಿಭಾಗದ್ದು 16.6 ಎಂದೂ ಓದಲಾಯಿತು. ‘ಎ’ ವಿಭಾಗ ಹಿಂದೆ ಬಿದ್ದಿದೆ ಎಂಬ ಕಾರಣಕ್ಕೆ ಆ ಮಕ್ಕಳಿಗೆ ಸಂಜೆ ಹೆಚ್ಚುವರಿ ತರಗತಿ ನಡೆಸುವ ತೀರ್ಮಾನವೂ ಆಯಿತು. ಅದು ಜಾರಿಗೆ ಬರುವ ಮೊದಲು ಈ ಅಂಕಿಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಪರೀಕ್ಷೆಯ ದಿನ ಹೊಳೆಬದಿಯ ಗದ್ದೆಗಳಿಗೆ ನೆರೆ ನುಗ್ಗಿದ್ದರಿಂದ ಆ ಕಡೆಯ ಮಕ್ಕಳು ಬರಲಾಗಲಿಲ್ಲ. ಅವರಲ್ಲಿ ಹೆಚ್ಚಿನವರು ‘ಎ’ ವಿಭಾಗದವರು. 40 ಮಕ್ಕಳಲ್ಲಿ ಪರೀಕ್ಷೆ ಬರೆದವರು 34, ಅವರೆಲ್ಲರ ಅಂಕಗಳ ಮೊತ್ತ 612. ಇದನ್ನು 34ರಿಂದ ಭಾಗಿಸಿದರೆ 18.0 ಬರುತ್ತದೆ. ಆದರೆ ಪಟ್ಟಿಯಲ್ಲಿ ಗೈರುಹಾಜರಾದ ಆರು ಮಕ್ಕಳ ಎದುರು 0 ಎಂದು ನಮೂದಾಗಿರುವುದರಿಂದ ಕಂಪ್ಯೂಟರ್ ಅದೇ 612ನ್ನು 40ರಿಂದ ಭಾಗಿಸಿ 15.3 ಎಂದು ತೋರಿಸಿದೆ. ‘ಬಿ’ ವಿಭಾಗದ 40 ಮಕ್ಕಳಲ್ಲಿ ತಪ್ಪಿದ್ದು ಒಬ್ಬಳು ಮಾತ್ರ. ಅಲ್ಲಿನ 663 ಅಂಕಗಳನ್ನು 39ರಿಂದ ಭಾಗಿಸಿದರೆ ಸರಾಸರಿ 17.0. ಅಂದರೆ ಬರೆದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಮುಂದಿರುವುದು ‘ಎ’ ವಿಭಾಗವೇ. ನಾವು ಸಭೆಯಲ್ಲಿ ಕಂಡ ವ್ಯತ್ಯಾಸ ಕಲಿಕೆಯದ್ದಲ್ಲ, ಆ ದಿನದ ಹಾಜರಾತಿಯದ್ದು.

ಹಾಗೆಂದು ಪಟ್ಟಿಯಲ್ಲಿರುವ ಸೊನ್ನೆಗಳನ್ನೆಲ್ಲ ಅಳಿಸಿಬಿಡುವುದೂ ಸರಿಯಲ್ಲ. ‘ಎ’ ವಿಭಾಗದ ಕಾಲಂನಲ್ಲಿ ಏಳು ಸೊನ್ನೆಗಳಿವೆ. ಅವುಗಳಲ್ಲಿ ಒಂದು, ಪರೀಕ್ಷೆಗೆ ಕುಳಿತು ಒಂದೂ ಅಂಕ ಗಳಿಸಲಾಗದ ಹುಡುಗನದ್ದು. ಅವನ ಉತ್ತರಪತ್ರಿಕೆ ನನ್ನ ಬಳಿ ಇದೆ, ಅವನು ಆ 34ರಲ್ಲಿ ಸೇರಿದ್ದಾನೆ. ಏಳನ್ನೂ ತೆಗೆದರೆ ಸರಾಸರಿ 18.5ಕ್ಕೆ ಏರುತ್ತದೆ, ಮತ್ತು ನಿಜವಾಗಿ ನಮ್ಮ ಸಹಾಯ ಬೇಕಾದ ಮಗುವೇ ಲೆಕ್ಕದಿಂದ ಕಾಣೆಯಾಗುತ್ತದೆ. ಯಾವ ಸೊನ್ನೆ ಗಳಿಸಿದ್ದು, ಯಾವುದು ಗೈರುಹಾಜರಿಯದ್ದು ಎಂಬುದನ್ನು ಅಂಕಪಟ್ಟಿ ಹೇಳಲಾರದು. ಆ ದಿನದ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡೇ ನೋಡಬೇಕು.

ಸೊನ್ನೆ ಹಾಕುವ ರೂಢಿ ಎಲ್ಲಿಂದ ಬಂತೆಂದು ಹುಡುಕಿದಾಗ ಕಾರಣ ನಮ್ಮ ಹಾಳೆಯಲ್ಲೇ ಸಿಕ್ಕಿತು. ಒಟ್ಟು ಅಂಕದ ಕಾಲಂನಲ್ಲಿ ಪರೀಕ್ಷೆಗಳನ್ನು ಕೂಡಿಸುವ ಚಿಹ್ನೆಯಿಂದ ಸೇರಿಸಲಾಗಿದೆ. ಅಲ್ಲಿ ಯಾವುದಾದರೂ ಪರೀಕ್ಷೆಗೆ AB ಎಂದು ಬರೆದರೆ #VALUE! ಎಂಬ ದೋಷ ಕಾಣಿಸುತ್ತದೆ, 0 ಬರೆದರೆ ಅದು ಮಾಯವಾಗುತ್ತದೆ. ಟೈಪ್ ಮಾಡಿದವರು ಹಾಳೆ ಕೇಳಿದಂತೆ ನಡೆದುಕೊಂಡಿದ್ದಾರೆ, ಅವರನ್ನು ದೂರಲು ಕಾರಣವಿಲ್ಲ. ಬದಲಿಸಬೇಕಾದದ್ದು ಸೂತ್ರ:

```
=SUM(C2:E2)
=AVERAGE(C2:C41)
=COUNT(C2:C41)
```

ಮೊದಲನೆಯದು ಒಬ್ಬ ವಿದ್ಯಾರ್ಥಿಯ ಮೂರು ಪರೀಕ್ಷೆಗಳ ಮೊತ್ತ, ಎರಡನೆಯದು ತರಗತಿಯ ಸರಾಸರಿ, ಮೂರನೆಯದು ಪರೀಕ್ಷೆ ಬರೆದವರ ಸಂಖ್ಯೆ. ಮೂರೂ AB ಎಂಬ ಅಕ್ಷರಗಳನ್ನು ಬಿಟ್ಟು ಅಂಕೆಗಳನ್ನಷ್ಟೇ ಎಣಿಸುತ್ತವೆ, ಗಳಿಸಿದ ಸೊನ್ನೆಯನ್ನು ಬಿಡುವುದಿಲ್ಲ. ಆದರೆ SUM ಬಳಸುವಲ್ಲಿ ಒಂದು ಎಚ್ಚರ ಬೇಕು. ಒಂದು ಪರೀಕ್ಷೆ ತಪ್ಪಿದ ಮಗುವಿನ ಮೊತ್ತ ಎರಡೇ ಪರೀಕ್ಷೆಗಳದ್ದಾಗಿರುತ್ತದೆ. ಅದನ್ನು 75ಕ್ಕೆ ಹೋಲಿಸಿ ಶೇಕಡಾ ತೆಗೆದರೆ ಅದೇ ಸೊನ್ನೆ ಹಿಂಬಾಗಿಲಿನಿಂದ ಒಳಗೆ ಬಂದಂತೆ. ಆದ್ದರಿಂದ ಮರುಪರೀಕ್ಷೆ ಆಗುವವರೆಗೆ ಅಂಥವರ ಶೇಕಡಾವನ್ನು ಖಾಲಿ ಬಿಡುವುದು ಒಳ್ಳೆಯದು. ಗೈರುಹಾಜರಾದವರಿಗೆ ಅಂತಿಮವಾಗಿ ಯಾವ ಅಂಕ ಕೊಡಬೇಕೆಂಬುದು ನಿಯಮದ ಪ್ರಶ್ನೆ. ಅದನ್ನು ನಾನು ಇಲ್ಲಿ ಎತ್ತುತ್ತಿಲ್ಲ.

18.0 ಎಂಬ ಅಂಕಿಯನ್ನೂ ಒಂಟಿಯಾಗಿ ನಂಬಬಾರದು. ಬಾರದ ಆರು ಮಕ್ಕಳಲ್ಲಿ ಇಬ್ಬರಿಗೆ ಬೀಜಗಣಿತ ಕಷ್ಟವಾಗುತ್ತಿದೆ. ಅವರು ಬರೆದಿದ್ದರೆ ಸರಾಸರಿ ತುಸು ಇಳಿಯುತ್ತಿತ್ತೇನೋ. ಹಾಗಾಗಿ ಸರಾಸರಿಯ ಪಕ್ಕದಲ್ಲಿ ‘40ರಲ್ಲಿ 34 ಮಂದಿ ಬರೆದಿದ್ದಾರೆ’ ಎಂದು ತಪ್ಪದೆ ನಮೂದಿಸಬೇಕು.

ಸಂಜೆಯ ತರಗತಿ ಇಟ್ಟರೆ ಹೊಳೆಬದಿಯ ಮಕ್ಕಳು ಈ ಮಳೆಯಲ್ಲಿ ಕತ್ತಲಾದ ಮೇಲೆ ಮನೆಗೆ ನಡೆಯಬೇಕಾಗುತ್ತದೆ. ಅದರ ಬದಲು ತಪ್ಪಿಹೋದ ಏಳು ಮಕ್ಕಳಿಗೆ ಮುಂದಿನ ವಾರ ಶಾಲಾ ಅವಧಿಯಲ್ಲೇ ಮರುಪರೀಕ್ಷೆ ನಡೆಸಲು ಅನುಮತಿ ನೀಡಬೇಕು. ಸೊನ್ನೆ ಗಳಿಸಿದ ಹುಡುಗನೊಂದಿಗೆ ನಾನೇ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುಳಿತುಕೊಳ್ಳುತ್ತೇನೆ. ತಿದ್ದಿದ ಪಟ್ಟಿಯನ್ನು ಹಾಜರಿ ಪುಸ್ತಕದ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ, ಒಂಬತ್ತನೇ ತರಗತಿ